ಕಟ್ಟೆ ಗೇಟು ತೆಗೆಯೋ ಮುಂಚೆ

ಜುಲೈ ೪, ಶುಕ್ರವಾರ

ಆಷಾಢ ಶುಕ್ರವಾರ. ಬೆಳಗಿನ ಜಾವವೇ ಬೆಟ್ಟ ಹತ್ತಿ ತಾಯಿಯ ದರ್ಶನ ಮಾಡಿ ಬಂದೆ. ಮನಸ್ಸು ತಣ್ಣಗಿತ್ತು. ಬನ್ನಿಮಂಟಪದ ನಮ್ಮ ಸೌಂಡ್ ಅಂಗಡಿ ಬಾಗಿಲು ತೆಗೆದ ಮೇಲೆ ಕೆಟ್ಟಿತು.

ನಾಲ್ಕು ಜನ ಹುಡುಗ ಹುಡುಗಿಯರು ಬಂದಿದ್ದರು, ಮುಂದಿನ ಶನಿವಾರ ದಟ್ಟಗಳ್ಳಿಯಲ್ಲಿ ಕಾರ್ಯಕ್ರಮ, ಸೌಂಡ್ ಸಿಸ್ಟಮ್ ಬೇಕು ಅಂತ. ಅವರ ತಂಡದ ಹೆಸರು ಖಾಲಿ ಬಸ್ಸು. ಇದೂ ಒಂದು ಹೆಸರಾ? ಮಾತಾಡಿದವಳು ಸ್ವೀಟಿ, ಗಿಟಾರ್ ಅವಳದು. ಒಂಟಿಕೊಪ್ಪಲಿನ ಸಹಾಯರಾಜ್ ಮೇಷ್ಟ್ರ ಮಗಳಂತೆ.

ನಮ್ಮೆಜಮಾನರು ಎಂದಿನಂತೆ ಕೇಳಿದರು, "ಹಾಡೋರೆಷ್ಟು ಜನ? ಮೈಕ್ ಎಷ್ಟು ಹಾಕ್ಲಿ?"

"ಯಾರೂ ಹಾಡಲ್ಲ ಅಂಕಲ್. ಬರೀ ನುಡಿಸೋದು."

"ಸರಿ, ಹಂಗಾರೆ ಎರಡು ಹಾಕ್ತೀನಿ."

ಹುಡುಗಿ ಮತ್ತೆ ಹೇಳಿದಳು. ಇವರು ಮತ್ತೆ ತಲೆಯಾಡಿಸಿದರು. ಈ ನಡುವೆ ಹೀಗೇ. ಎದುರಿನವರು ಹೇಳುವುದಕ್ಕೆ ಕಿವಿ ಕೊಡುವುದಿಲ್ಲ, ತಮಗೆ ಎಲ್ಲಾ ಗೊತ್ತು ಅನ್ನುವ ಗತ್ತು. ನಾನು ಹಿಂದಿನಿಂದ ಕರೆದರೆ ತಿರುಗಿಯೂ ನೋಡುವುದಿಲ್ಲ. ಮದುವೆಯಾದ ಹೊಸದರಲ್ಲಿ ಬಳೆ ಸದ್ದಿಗೆ ತಿರುಗುತ್ತಿದ್ದ ಮನುಷ್ಯ.

ಅವರ ಹಾಡಿನ ಹೆಸರು ಕೇಳಿದೆ. 'ಕಟ್ಟೆ ಗೇಟು ತೆಗೆಯೋ ಮುಂಚೆ ಕೆಳಗಿನ ಊರಿಗೆ ಯಾರು ಹೇಳ್ತಾರೆ'. ಹೆಸರಲ್ಲೇ ಇಷ್ಟು ಮಾತು, ಹಾಡಲ್ಲಿ ಒಂದು ಮಾತಿಲ್ಲ. ದೇವರ ಹೆಸರೂ ಇಲ್ಲ, ಮನುಷ್ಯರ ಸುಖದುಃಖವೂ ಇಲ್ಲ. ಬಾಯಿ ಇರುವವರು ಹಾಡದೆ ಇರುವುದಕ್ಕೆ ಏನು ರೋಗ?

ಜುಲೈ ೧೩, ಭಾನುವಾರ

ನಿನ್ನೆ ನಡೆದದ್ದು ಬರೆಯದಿದ್ದರೆ ಎದೆ ಒಡೆಯುತ್ತದೆ.

ದಟ್ಟಗಳ್ಳಿಯ ಹಾಲ್‌ಗೆ ನಾನೂ ಟೆಂಪೋದಲ್ಲಿ ಹೋಗಿದ್ದೆ. ಇವರು ಹಾಲ್‌ನ ಹಿಂಭಾಗದಲ್ಲಿ, ಸದ್ದು ಏರಿಸಿ ಇಳಿಸುವ ಫೇಡರ್‌ಗಳಿರುವ ಮಿಕ್ಸರ್ ಮುಂದೆ ಕೂತರು. ಪೆಟ್ಟಿಗೆ ಹೊರುವುದರಿಂದ ವೈರ್ ಎಳೆಯುವವರೆಗೂ ಎಲ್ಲಾ ನೋಡಿಕೊಳ್ಳುವ ನಮ್ಮ ರುದ್ರಸ್ವಾಮಿ ಸ್ಟೇಜ್ ಹತ್ತಿರ ಇದ್ದ.

ಸ್ವೀಟಿ ಒಬ್ಬಳೇ ಶುರು ಮಾಡಿದಳು. ತಂತಿ ಮೀಟಲಿಲ್ಲ. ಗಿಟಾರಿನ ಕತ್ತಿನ ಮೇಲೆ ಎರಡೂ ಕೈಯ ಬೆರಳು ಬಡಿದಳು, ಕಚೇರಿಯಲ್ಲಿ ಟೈಪ್ ಹೊಡೆಯುವವರಂತೆ. ಒಂದು ಸಾಲು ನುಡಿಸಿ ಕಾಲಡಿಯ ಪೆಟ್ಟಿಗೆ ತುಳಿದಳು, ಅದೇ ಸಾಲು ತಾನೇ ತಾನಾಗಿ ಮತ್ತೆ ಮತ್ತೆ ಬರುತ್ತಿತ್ತು. ಅದರ ಮೇಲೆ ಇನ್ನೊಂದು ಸಾಲು ಕೂರಿಸಿದಳು, ಮತ್ತೆ ತುಳಿದಳು. ಅಷ್ಟರಲ್ಲಿ 'ಕೂಯ್' ಅಂತ ಸ್ಪೀಕರ್ ಕಿರುಚಿತು. ಜನ ಕಿವಿ ಮುಚ್ಚಿಕೊಂಡರು. ಇವರು ಅಲ್ಲಾಡಲಿಲ್ಲ. ರುದ್ರಸ್ವಾಮಿ ಓಡಿ ಬಂದು, "ಅಣ್ಣ, ಕೂಗ್ತಾ ಅದೆ, ಇಳ್ಸಿ ಅಣ್ಣ" ಅಂತ ಕೈಯಲ್ಲಿ ತೋರಿಸಿದ ಮೇಲೆ ಇಳಿಸಿದರು.

ಆಮೇಲೆ ನೋಡಬೇಕಿತ್ತು ಇವರ ಕೆಲಸ. ಸಣ್ಣಗಿದ್ದದ್ದನ್ನು ಎತ್ತಿದರು, ಡ್ರಮ್ಸ್ ಬಡಿದು ಜೋರಾದಾಗ ಇಳಿಸಿದರು. ಮೊದಲಿಂದ ಕೊನೆವರೆಗೂ ಹದವಾಗಿ ಒಂದೇ ಸಮ. ಮೂವತ್ತು ವರ್ಷದಿಂದ ಆರ್ಕೆಸ್ಟ್ರಾದವರು ಇದಕ್ಕೇ ಅಲ್ಲವಾ ನಮ್ಮನ್ನು ಹುಡುಕಿಕೊಂಡು ಬರುವುದು? ಹಿಂದೆ ಕೂತ ಅಜ್ಜಿಗೂ ಕೇಳಬೇಕು, ಮುಂದೆ ಕೂತ ಮಗುವೂ ಬೆಚ್ಚಬಾರದು. ಜನ ಆಕಳಿಸಿದ್ದು ಹಾಡಿನ ತಪ್ಪು. ಹದಿಮೂರು ನಿಮಿಷ ಒಂದೇ ಥರ ಗುಂಯ್‌ಗುಡುತ್ತಿದ್ದರೆ ಯಾರು ತಾನೇ ಆಕಳಿಸುವುದಿಲ್ಲ?

ಮುಗಿದ ಮೇಲೆ ಆ ಸ್ವೀಟಿ ಬಂದಳು. ಕಣ್ಣು ಕೆಂಪಗಿತ್ತು.

"ಅಂಕಲ್, ಫೇಡರ್ ಮುಟ್ಬೇಡಿ ಅಂತ ಎಷ್ಟು ಸಲ ಹೇಳ್ದೆ? ಸಣ್ಣಗಿರೋದು ಸಣ್ಣಗಿರ್ಬೇಕು. ನಾವು ಹದಿಮೂರು ನಿಮಿಷ ಬೆಟ್ಟ ಹತ್ತಿದ್ವಿ, ನೀವು ಅದನ್ನ ಸಮ ಮಾಡಿ ರಸ್ತೆ ಮಾಡ್ಬುಟ್ರಿ."

ಇವರು ವೈರ್ ಸುತ್ತುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ನೀನು ಹುಟ್ಟೋ ಮುಂಚಿಂದ ಇವರು ಮಿಕ್ಸರ್ ಮುಂದೆ ಕೂತವ್ರೆ ಕಣಮ್ಮ. ಹಾಡಕ್ಕೆ ಬರ್ದಿದ್ರೆ ಸೌಂಡ್ ಮೇಲೆ ಯಾಕೆ ಹಾಕ್ತೀಯ?"

"ಆಂಟಿ, ನಾವು ಹಾಡೋದೇ ಇಲ್ಲ!"

"ಅದನ್ನೇ ನಾನೂ ಹೇಳ್ತಿರೋದು!"

ಪೆಟ್ಟಿಗೆಗಳ ಮೇಲೆ ಬರೆದಿರುವುದು ಕುಸುಮ ಸೌಂಡ್ಸ್ ಅಂತ. ನನ್ನ ಹೆಸರು. ನಾಲ್ಕು ಜನರ ಮುಂದೆ ಅದಕ್ಕೆ ಮಸಿ ಬಳಿದು ಹೋದಳು.

ಜುಲೈ ೧೪, ಸೋಮವಾರ

ಇವರು ಊಟ ಮಾಡಲಿಲ್ಲ. ಎಲ್ಲಾ ಆ ಖಾಲಿ ಬಸ್ಸಿನಿಂದ.

ಜುಲೈ ೧೭, ಗುರುವಾರ

ಸ್ವೀಟಿ ಅಂಗಡಿಗೆ ಬಂದಳು. ಇವರು ಇರಲಿಲ್ಲ. ಕೂರಿಸಿ ನೀರು ಕೊಟ್ಟೆ. ಸಿಟ್ಟಿದ್ದರೂ ಬಂದವರಿಗೆ ನೀರು ಕೊಡದಿರುವಷ್ಟು ಕೆಟ್ಟವಳಲ್ಲ. ಅವತ್ತು ಜೋರಾಗಿ ಮಾತಾಡಿದ್ದಕ್ಕೆ ಸಾರಿ ಅಂದಳು. ಆಮೇಲೆ ಫೋನಿಗೆ ಹೆಡ್‌ಫೋನ್ ಸಿಕ್ಕಿಸಿ ನನ್ನ ಕಿವಿಗೆ ಹಾಕಿದಳು. ಅವರು ರೂಮಿನಲ್ಲಿ ಅಭ್ಯಾಸ ಮಾಡುವಾಗ ರೆಕಾರ್ಡ್ ಮಾಡಿಕೊಂಡದ್ದಂತೆ.

ಶುರುವಾಗಿದೆಯೋ ಇಲ್ಲವೋ ಗೊತ್ತಾಗಲಿಲ್ಲ. "ಏನೂ ಬರ್ತಿಲ್ಲವಲ್ಲಮ್ಮ" ಅಂದೆ. "ಬರ್ತಿದೆ, ತಡೀರಿ" ಅಂದಳು. ಉಸಿರು ಹಿಡಿದು ಕೇಳಿದಾಗ ಎಲ್ಲೋ ದೂರದಲ್ಲಿ ಆ ಬೆರಳು ಬಡಿಯುವ ಸದ್ದು. ಒಂದೊಂದು ಸದ್ದೂ ಹಿಂದಿನಿಂದ ಇನ್ನೊಂದು ಸಲ, ಮತ್ತೊಂದು ಸಲ ಮಸುಕಾಗಿ ಮರಳುತ್ತಿತ್ತು. ಅದು ಡಿಲೇ ಅನ್ನುವ ಪೆಡಲ್‌ನ ಕೆಲಸವಂತೆ. ಆಮೇಲೆ ದಪ್ಪ ತಂತಿಯ ಬೇಸ್ ಗಿಟಾರ್ ಬಂತು, ಬಂದದ್ದೇ ತಿಳಿಯದ ಹಾಗೆ. ಡ್ರಮ್ಸ್ ಬಂತು, ಇನ್ನೊಂದು ಗಿಟಾರ್ ಬಂತು. ನಡುವೆ ಎಲ್ಲಾ ನಿಂತೇ ಹೋಯಿತು. ಮುಗಿಯಿತು ಅಂತ ಹೆಡ್‌ಫೋನ್ ತೆಗೆಯಲು ಹೋದೆ, ಹುಡುಗಿ ನನ್ನ ಕೈ ಹಿಡಿದಳು. ಒಂದೇ ಗಿಟಾರ್ ಮತ್ತೆ ಕೆಳಗಿನಿಂದ. ಅಲ್ಲಿಂದ ಏರಿದ್ದು ಏರಿದ್ದೇ. ಕೊನೆಗೆ ಎಲ್ಲರೂ ಒಟ್ಟಿಗೆ ತಂತಿಯನ್ನು ನಡುಗಿಸಿ ನಡುಗಿಸಿ ನುಡಿಸಿ, ಡ್ರಮ್ಸಿನವನು ತಾಳದ ತಟ್ಟೆಯೆಲ್ಲ ಬಡಿದು... ನನಗೆ ಭಯವಾಯಿತು. ಕಟ್ಟೆ ನೀರು ಬಿಟ್ಟಾಗ ಎದುರು ನಿಂತ ಹಾಗೆ.

ಇದು ಶನಿವಾರ ಕೇಳಿದ ಹಾಡೇ ಅಲ್ಲ. ಸುಳ್ಳು ಹೇಳುತ್ತಿದ್ದೀಯ ಅಂದೆ. "ಅದೇ ಹಾಡು ಆಂಟಿ. ಪಲ್ಲವಿ ಚರಣ ಇಲ್ದಿರೋ ಹಾಡಿಗೆ ಇರೋದು ಇದೊಂದೇ, ಸಣ್ಣದರಿಂದ ದೊಡ್ಡದಕ್ಕೆ ಹೋಗೋ ದಾರಿ. ಅದನ್ನ ತೆಗೆದ್ರೆ ಏನು ಉಳಿಯುತ್ತೆ?"

ಆಮೇಲೆ ಲೋಟ ಕೆಳಗಿಟ್ಟು, ನೆಲ ನೋಡುತ್ತಾ ಕೇಳಿದಳು, "ಆಂಟಿ, ಬೇಜಾರು ಮಾಡ್ಕೋಬೇಡಿ. ಅಂಕಲ್‌ಗೆ ಸಣ್ಣ ಸದ್ದು ಕೇಳ್ಸುತ್ತಾ?"

ಎದ್ದು ನಿಂತೆ. ಬಾಗಿಲು ತೋರಿಸಿದೆ. ಎಷ್ಟು ಕೊಬ್ಬು! ಸೌಂಡ್ ಕೆಲಸದವನ ಹೆಂಡತಿಯ ಹತ್ತಿರ ಬಂದು ಕೇಳುವ ಮಾತಾ ಇದು? ಅಡುಗೆಯವನಿಗೆ ನಾಲಿಗೆ ಇದೆಯಾ ಅಂತ ಕೇಳಿದ ಹಾಗೆ. ಮೇಷ್ಟ್ರ ಮಗಳಂತೆ, ಮೇಷ್ಟ್ರ ಮಗಳು!

ಜುಲೈ ೧೮, ಶುಕ್ರವಾರ

ಬೆಟ್ಟದಿಂದ ಬಂದು ಇವರಿಗೆ ಕುಂಕುಮ ಇಡುವಾಗ ಅದೇ ಮಾತು ತಲೆಯಲ್ಲಿ. ದರ್ಶನದ ಸಾಲಿನಲ್ಲೂ ಅದೇ. ಆ ಹುಡುಗಿ ನನ್ನ ಶುಕ್ರವಾರವನ್ನೂ ಹಾಳು ಮಾಡಿದಳು.

ಸಂಜೆ ಇವರು ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ನಾನು ಹಿಂದೆ ಬಾಗಿಲಲ್ಲಿ ನಿಂತು, ದೇವರ ಮನೆಯಲ್ಲಿ ಮಾತಾಡುವಷ್ಟು ಸಣ್ಣಗೆ "ರೀ" ಅಂದೆ. ಇಲ್ಲ. ಸ್ವಲ್ಪ ಎತ್ತಿ "ರೀ, ಕಾಫಿ" ಅಂದೆ. ಇಲ್ಲ. ಪಕ್ಕದ ಮನೆಯ ಲಕ್ಷ್ಮಮ್ಮ ಕಾಂಪೌಂಡ್ ಆಚೆಯಿಂದ, "ಏನ್ ಕುಸುಮಕ್ಕ, ಕರೆದ್ರಾ?" ಅಂದರು. ಕಾಂಪೌಂಡ್ ಆಚೆಗೆ ಕೇಳಿಸಿತು. ಇನ್ನೂ ಎತ್ತಿದೆ. ಕೊನೆಗೆ ಮಾರ್ಕೆಟ್ಟಿನಲ್ಲಿ ಕೂಗುವ ಹಾಗೆ ಕೂಗಿದಾಗ ತಿರುಗಿದರು.

"ಯಾಕೆ ಕಿರುಚ್ತೀಯ? ಒಂದ್ಸಲ ಕರೆದ್ರೆ ಸಾಲ್ದಾ?"

ಕಾಫಿ ಕೊಟ್ಟು ಒಳಗೆ ಬಂದೆ.

ಜುಲೈ ೨೦, ಭಾನುವಾರ

ಕೇಳಿಯೇಬಿಟ್ಟೆ. ಎದುರು ಕೂತು, ಮುಖಕ್ಕೆ ಮುಖ ಕೊಟ್ಟು, "ನಿಮಗೆ ಕಿವಿ ಕೇಳ್ಸಲ್ವಾ?" ಅಂತ.

ಮೊದಲು ಕೂಗಾಡಿದರು. ನಾನೂ ಕೂಗಾಡಿದೆ. ಲಕ್ಷ್ಮಮ್ಮ ಟಿವಿ ಸದ್ದು ಕಡಿಮೆ ಮಾಡಿಕೊಂಡದ್ದು ಇಲ್ಲಿಗೆ ಗೊತ್ತಾಯಿತು. ಕೂಗಿ ಸಾಕಾದ ಮೇಲೆ ಮೆಲ್ಲಗೆ ಹೇಳಿದರು.

"ಎಡಗಡೆದು ಹೋಗಿ ಎರಡು ವರ್ಷ ಆಯ್ತು. ಬಲಗಡೆ ಜೋರಿದ್ರೆ ಕೇಳ್ಸುತ್ತೆ."

"ಮತ್ತೆ ಮಿಕ್ಸರ್ ಹೆಂಗೆ ನೋಡ್ತೀರಿ?"

"ದೀಪ ನೋಡ್ತೀನಿ."

ಮಿಕ್ಸರಿನಲ್ಲಿ ಸಾಲಾಗಿ ದೀಪ ಇದೆ. ಸದ್ದು ಸಣ್ಣದಿದ್ದರೆ ಕೆಳಗಿನ ಹಸಿರು ಮಾತ್ರ, ಹೆಚ್ಚಾದರೆ ಹಳದಿ, ಮಿತಿ ಮೀರಿದರೆ ಕೆಂಪು. ಎಲ್ಲಾ ಹಳದಿಯಲ್ಲಿ ನಿಲ್ಲುವ ಹಾಗೆ ಫೇಡರ್ ಏರಿಸಿ ಇಳಿಸಿದರೆ ಆರ್ಕೆಸ್ಟ್ರಾಕ್ಕೆ ಸಾಕು, ಯಾರಿಗೂ ಅನುಮಾನ ಬರುವುದಿಲ್ಲ. ಅಲ್ಲಿ ಮೊದಲಿಂದ ಕೊನೆವರೆಗೂ ಜೋರೇ ತಾನೇ.

"ಆ ಮಕ್ಳು ನುಡ್ಸಕ್ಕೆ ಶುರು ಮಾಡ್ದಾಗ ದೀಪವೇ ಹತ್ಲಿಲ್ಲ ಕಣೇ. ವೈರ್ ಕಿತ್ತೋಯ್ತು ಅಂದ್ಕೊಂಡೆ. ಏರಿಸ್ದೆ."

ಎರಡು ವರ್ಷ! ಪಕ್ಕದಲ್ಲಿ ಮಲಗುವ ಹೆಂಡತಿಗೆ ಹೇಳದೆ ದೀಪಕ್ಕೆ ಹೇಳಿಕೊಂಡಿದ್ದಾರೆ. ನಾನು ಗತ್ತು ಅಂದುಕೊಂಡು ಬೈದದ್ದೆಲ್ಲ ಕೇಳಿಸಿರಲಿಕ್ಕಿಲ್ಲ, ಅದೊಂದೇ ಪುಣ್ಯ. ಡಾಕ್ಟರ ಹತ್ತಿರ ಹೋಗೋಣ ಅಂದೆ. "ಕಿವೀಲಿ ಮಿಷಿನ್ ಇಟ್ಕೊಂಡು ಮಿಕ್ಸರ್ ಮುಂದೆ ಕೂತ್ರೆ ಯಾರ್ ಕರೀತಾರೆ? ಸೀಟು ಬಿಟ್ಟು ಏಳು ಅಂತಾರೆ ಅಷ್ಟೇ" ಅಂದರು. ಆ ಸೀಟಿನ ಭಯ ಅವರಿಗೆ. ಏಳು ಅಂದವರ ಮುಂದೆ ನಾನು ನಿಂತುಕೊಳ್ಳುತ್ತೇನೆ ಅಂತ ಹೇಳಿದೆ. ಪೂರ್ತಿ ಕೇಳಿಸಿತೋ ಇಲ್ಲವೋ.

ತಾಯೀ, ವರ್ಷಾ ವರ್ಷಾ ಬರುತ್ತೇನಲ್ಲ. ಹೋಗಲಿ ಕಾಲು ತೆಗೆದುಕೋ, ಕಣ್ಣು ಮಂಜು ಮಾಡು. ಸದ್ದಿನಲ್ಲಿ ಅನ್ನ ತಿನ್ನುವವನ ಕಿವಿಯೇ ಬೇಕಾಗಿತ್ತಾ ನಿನಗೆ?

ಜುಲೈ ೨೪, ಗುರುವಾರ

ಒಂಟಿಕೊಪ್ಪಲಿಗೆ ಹೋದೆ. ಮೇಷ್ಟ್ರ ಮನೆ ಮಹಡಿಯಲ್ಲಿ ಅವರ ಅಭ್ಯಾಸ. ಗೋಡೆಗೆಲ್ಲ ಹಳೇ ಹಾಸಿಗೆ ಹೊಡೆದಿದ್ದಾರೆ. ಸ್ವೀಟಿ ನನ್ನನ್ನು ನೋಡಿ ಗಾಬರಿಯಾದಳು.

"ನೀನು ಹೇಳಿದ್ದು ನಿಜ" ಅಂದೆ. "ಆದ್ರೆ ಹೇಳಿದ ರೀತಿ ಸರಿ ಇರಲಿಲ್ಲ."

"ಹೆಂಗೆ ಹೇಳ್ಬೇಕಿತ್ತು ಆಂಟಿ?"

ಅದು ನನಗೂ ಗೊತ್ತಿರಲಿಲ್ಲ. ಆದ್ದರಿಂದ ಬಂದ ಕೆಲಸ ಹೇಳಿದೆ. ಇನ್ನೊಂದು ಸಲ ಕಾರ್ಯಕ್ರಮ ಇಡಿ, ಸೌಂಡ್ ನಮ್ಮದೇ, ಮಿಕ್ಸರ್ ಮುಂದೆ ಇವರೇ. ನಮ್ಮ ಹೆಸರಿಗೆ ಅಂಟಿದ್ದನ್ನು ನೀವೇ ತೊಳೆಯಬೇಕು.

ಡ್ರಮ್ಸ್ ನುಡಿಸುವ ಪುನೀತ್ ತಲೆ ಕೆರೆದುಕೊಂಡ. "ಅಮ್ಮ, ಅಂಕಲ್‌ಗೆ ಕೇಳ್ಸದೇ ಇದ್ರೆ..."

"ನನಗೆ ಕೇಳ್ಸುತ್ತಲ್ಲಪ್ಪ. ಪಕ್ಕದಲ್ಲಿ ಕೂತ್ಕೋತೀನಿ. ಮೊದ್ಲು ನಿಮ್ಮ ಹಾಡು ನನಗೆ ಕಲಿಸಿ."

ಹುಡುಗ ನಕ್ಕ. ನಗಲಿ. ಕಲಿಸಿದ.

ಗಿಟಾರ್ ಏಳರ ಎಣಿಕೆಯಲ್ಲಿ ಹೋಗುತ್ತದಂತೆ, ಡ್ರಮ್ಸ್ ನಾಲ್ಕರಲ್ಲಿ. ಇದೆಂಥ ಅನ್ಯಾಯ? ಒಂದೇ ಹಾಡಲ್ಲಿ ಒಬ್ಬರದೊಂದು ಲೆಕ್ಕವಾ? ತೊಡೆ ತಟ್ಟಿ ತೋರಿಸಿದ. ಸ್ವೀಟಿಯದು ತಕ ತಕ ತಕಿಟ, ತಕ ತಕ ತಕಿಟ. ಅವನದು ತಕಧಿಮಿ, ತಕಧಿಮಿ. ಮೊದಲ ಪೆಟ್ಟು ಒಟ್ಟಿಗೆ ಬೀಳುತ್ತದೆ, ಆಮೇಲೆ ಇಬ್ಬರೂ ಜಾರಿಕೊಳ್ಳುತ್ತಾರೆ. ಜಗಳವಾಡಿದ ಗಂಡ ಹೆಂಡತಿ ಒಂದೇ ಮನೆಯಲ್ಲಿ ಓಡಾಡಿದ ಹಾಗೆ. ಅವಳ ಏಳು ನಾಲ್ಕು ಸಲ ತಿರುಗುವಷ್ಟರಲ್ಲಿ ಇವನ ನಾಲ್ಕು ಏಳು ಸಲ ತಿರುಗಿರುತ್ತದೆ, ಅಲ್ಲಿ ಮತ್ತೆ ಇಬ್ಬರ ಮೊದಲ ಪೆಟ್ಟೂ ಒಂದೇ. ನಾನು ಎಷ್ಟು ಸಲ ಎಣಿಸಿದರೂ ನಡುವೆ ತಪ್ಪಿತು. ಸಿಟ್ಟು ಬಂತು. "ಸಮ ಇಡೋಕೆ ಏನು ಕಷ್ಟ ನಿಮಗೆ?" ಅಂತ ಬೈದೆ.

"ಸಮ ಇಟ್ರೆ ನೀವು ಕಾಯಲ್ಲಮ್ಮ. ಈಗ ಯಾವಾಗ ಸೇರ್ತಾರೆ ಅಂತ ಕಾಯ್ತೀರಲ್ಲ, ಅದಕ್ಕೇ" ಅಂದ.

ಎಣಿಸುವುದು ಬಿಟ್ಟು ಬರೀ ಕೇಳಿದಾಗ ಸಿಕ್ಕಿತು. ಇಬ್ಬರೂ ಸೇರಿದ ಜಾಗದಲ್ಲಿ ನನ್ನ ತಲೆ ತಾನಾಗಿ ಬಾಗಿತು.

ಸೌಂಡಿನದು ಸ್ವೀಟಿ ಹೇಳಿದಳು: ಕಾರ್ಯಕ್ರಮಕ್ಕೆ ಮೊದಲು ಹಾಡಿನ ಎಲ್ಲಕ್ಕಿಂತ ಜೋರಾದ ಜಾಗ ನುಡಿಸಿ ತೋರಿಸುತ್ತಾರೆ. ಕೆಂಪು ದೀಪ ಹತ್ತದ ಹಾಗೆ ಅದಕ್ಕೆ ಅಳತೆ ಇಟ್ಟುಬಿಡಬೇಕು. ಆಮೇಲೆ ಕೈ ಮಡಿಲಲ್ಲಿ. ದೀಪ ಆರಿದರೂ ಮುಟ್ಟಬಾರದು. ಏರಿಸುವುದು, ಇಳಿಸುವುದು ನುಡಿಸುವವರ ಬೆರಳಿನ ಕೆಲಸ, ಮಿಕ್ಸರಿನದಲ್ಲ.

ಆಗಸ್ಟ್ ೩, ಭಾನುವಾರ

ರುದ್ರಸ್ವಾಮಿ ಕೇಳುತ್ತಾನೆ, "ಅಕ್ಕ, ನಾನೇ ಮಿಕ್ಸರ್ ನೋಡ್ಲಾ? ಅಣ್ಣ ರೆಸ್ಟ್ ತಗೊಳ್ಲಿ." ಎರಡು ವರ್ಷದಿಂದ ಅವನಿಗೆ ಗೊತ್ತಿತ್ತಂತೆ. ಸ್ಪೀಕರ್ ಕೂಗಿದಾಗೆಲ್ಲ ಓಡಿ ಬಂದು ಕಾಪಾಡುತ್ತಿದ್ದದ್ದು ಅವನೇ. ಅವನಿಗೂ ಬೈದೆ. ಒಳ್ಳೆಯ ಮನಸ್ಸಿನಿಂದ ಮುಚ್ಚಿಟ್ಟರೂ ಮುಚ್ಚಿಟ್ಟದ್ದೇ. ಸೀಟು ಮಾತ್ರ ಕೊಡುವುದಿಲ್ಲ ಅಂದೆ.

ಆ ಮಕ್ಕಳ ಇನ್ನೊಂದು ಕಾರ್ಯಕ್ರಮಕ್ಕೆ ಇವರು ಒಪ್ಪಿದ್ದಾರೆ. ಒಪ್ಪಿದ್ದಾರೆ ಅಂದರೆ ಬೇಡ ಅನ್ನುವುದನ್ನು ನಿಲ್ಲಿಸಿದ್ದಾರೆ.

ಆಗಸ್ಟ್ ೧೦, ಭಾನುವಾರ

ಮೊನ್ನೆ ವರಮಹಾಲಕ್ಷ್ಮಿ ಹಬ್ಬದ ಅಡುಗೆ ಮಾಡುವಾಗಲೂ ಅದೇ ತಕ ತಕ ತಕಿಟ. ಸೌಟು ಆ ಲೆಕ್ಕಕ್ಕೆ ತಿರುಗುತ್ತಿತ್ತು. ಕಳಶದ ಮುಂದೆ ಹಾಡು ಹೇಳುವಾಗ, ಎಲ್ಲರೂ ಒಂದೇ ಎತ್ತರದಲ್ಲಿ ಕಿರುಚುವುದು ಯಾಕೆ ಅನ್ನಿಸಿತು. ಮೊದಲು ಮೆಲ್ಲಗೆ ಶುರು ಮಾಡಬಾರದಾ? ಲಕ್ಷ್ಮಮ್ಮನಿಗೆ ಹೇಳಿದೆ. ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ.

ಆಗಸ್ಟ್ ೧೭, ಭಾನುವಾರ

ಒಂಟಿಕೊಪ್ಪಲಿನ ಸಮುದಾಯ ಭವನದಲ್ಲಿ ನಿನ್ನೆ ಸಂಜೆ ಆಯಿತು.

ಜೋರಿನ ಜಾಗಕ್ಕೆ ಅಳತೆ ಇಟ್ಟೆವು. ಕೆಂಪಿಗೆ ಮುಟ್ಟುವ ಮೊದಲು ಇವರ ಕೈ ತಾನಾಗಿ ನಿಂತಿತು. ಆ ಕೆಲಸದಲ್ಲಿ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಸೌಂಡ್ ಟೇಬಲ್ ಹತ್ತಿರ ಹೆಂಗಸು ಯಾಕೆ ಅಂತ ಭವನದ ಉಸ್ತುವಾರಿ ಚಿಕ್ಕಯ್ಯ ನೋಡಿದರು. ಪೆಟ್ಟಿಗೆ ಮೇಲಿನ ಹೆಸರು ಓದಿ ಅಂದೆ.

ಸ್ವೀಟಿ ಶುರು ಮಾಡಿದಳು. ಹಾಲ್‌ನಲ್ಲಿ ಫ್ಯಾನಿನ ಸದ್ದಿಗಿಂತ ಸಣ್ಣಗೆ. ಜನ ಮಾತು ನಿಲ್ಲಿಸಿ ಮುಂದೆ ಬಾಗಿದರು. ಮಿಕ್ಸರಿನ ದೀಪ ಒಂದೂ ಹತ್ತಲಿಲ್ಲ. ಇವರ ಬಲಗೈ ಮಡಿಲಿಂದ ಎದ್ದಿತು, ಫೇಡರಿನ ಕಡೆ ಹೋಯಿತು. ಕಣ್ಣಲ್ಲಿ 'ಬೇಡ' ಅಂದೆ. ಇಳಿಯಿತು. ಮತ್ತೆ ಎದ್ದಿತು. ಪಾಪ, ಕತ್ತಲಲ್ಲಿ ಗೋಡೆ ತಡಕುವವರ ಕೈ ಅದು. ಹಿಡಿದುಕೊಂಡೆ. ಮದುವೆಯಾದ ಮೇಲೆ ನಾಲ್ಕು ಜನರ ಎದುರು ಇವರ ಕೈ ಹಿಡಿದದ್ದು ಇದೇ ಮೊದಲು. ನಾಚಿಕೆಗೆ ಹೊತ್ತಿರಲಿಲ್ಲ, ಬೇಸ್ ಬರುವ ಸಮಯವಾಗಿತ್ತು.

"ನಡೀತಾ ಇದ್ಯಾ?" ಅಂತ ತುಟಿಯಲ್ಲಿ ಕೇಳಿದರು.

ತಲೆಯಾಡಿಸಿದೆ. ಅವರ ಅಂಗೈಯಲ್ಲಿ ಬೆರಳಿಂದ ತಟ್ಟಿದೆ, ತಕ ತಕ ತಕಿಟ.

ನಡುವಿನ ಮೌನ ಬಂತು. ಮುಂದಿನ ಸಾಲಲ್ಲಿ ಯಾರೋ ಅವಿವೇಕಿ ಮುಗಿಯಿತು ಅಂದುಕೊಂಡು ಚಪ್ಪಾಳೆ ತಟ್ಟಿದ. ಅವನ ಜೊತೆ ಹತ್ತು ಜನ. ಚಿಕ್ಕಯ್ಯ ಟ್ಯೂಬ್‌ಲೈಟ್ ಹಾಕಲು ಹೊರಟರು. ಕೂತಲ್ಲಿಂದಲೇ ಗದರಿದೆ, "ಕೂತ್ಕೊಳ್ರೀ! ಇನ್ನೂ ಐತೆ!" ಸ್ಟೇಜಿನ ಮೇಲೆ ಪುನೀತ್ ನಗು ತಡೆದುಕೊಂಡದ್ದು ಕಾಣಿಸಿತು. ಯಾರೂ ಹಾಡದ ಕಾರ್ಯಕ್ರಮದಲ್ಲಿ ಮಾತು ಬಂದದ್ದು ನನ್ನೊಬ್ಬಳ ಬಾಯಿಂದಲೇ.

ಕೆಳಗಿನಿಂದ ಮತ್ತೆ ಎದ್ದಿತು. ಒಂದು ಹಸಿರು ದೀಪ. ಇನ್ನೊಂದು. ಡ್ರಮ್ಸ್ ಸೇರಿತು, ಏಳು ನಾಲ್ಕು ಜಾರಿ ಜಾರಿ ಕೂಡಿಕೊಂಡವು. ಪುನೀತ್ ಸ್ವಲ್ಪ ಓಡಿಸಿದ, ಅವನಿಗೆ ಹೇಳಬೇಕು, ಅಷ್ಟು ಆತುರ ಯಾಕೆ? ಹಳದಿ ಹತ್ತುವಾಗ ಒಬ್ಬ ಗಂಡಸು ಬಂದು "ಸ್ವಲ್ಪ ಕಮ್ಮಿ ಮಾಡ್ಸಿ ಮೇಡಂ" ಅಂದ. ನಾನು ನೋಡಿದ ನೋಟಕ್ಕೆ ವಾಪಸ್ ಹೋದ. ಇವರು ದೀಪ ನೋಡುತ್ತಿದ್ದರು. ನಾನು ಇವರನ್ನು ನೋಡುತ್ತಿದ್ದೆ.

ಗಿಟಾರುಗಳೆರಡೂ ನಡುಗಲು ಶುರುವಾದಾಗ ಇವರು ದೀಪದಿಂದ ತಲೆ ಎತ್ತಿದರು. ಬಲಗಿವಿಯನ್ನು ಸ್ಟೇಜಿನ ಕಡೆ ತಿರುಗಿಸಿದರು. ಬಾಯಿ ಸ್ವಲ್ಪ ತೆರೆಯಿತು. ಅಲ್ಲಿಗೆ ಹಾಡು ಹತ್ತು ನಿಮಿಷದ ದಾರಿ ನಡೆದು ಬಂದಿತ್ತು. ಆ ಬೆರಳಿನ ಸದ್ದು, ಅದು ಮಸುಕಾಗಿ ಮರಳುವುದು, ಬಂದದ್ದೇ ತಿಳಿಯದ ಬೇಸ್, ಯಾವುದೂ ಇವರಿಗೆ ಬರಲಿಲ್ಲ. ಹಾಲ್‌ನಲ್ಲಿ ಎಲ್ಲರಿಗೂ ಬಂತು, ಆಕಳಿಸಿದವರಿಗೂ ಬಂತು. ಇಂಥ ಲೆಕ್ಕ ಯಾವ ದೇವರು ಇಡುತ್ತಾನೆ?

ಇವರ ಮುಖ ಅರಳಿತು. ನನ್ನ ಕಿವಿಯ ಹತ್ತಿರ ಬಗ್ಗಿ, ಜೋರು ಎಂದು ತಿಳಿಯದೆ ಜೋರಾಗಿ, "ಶುರುವಾಯ್ತು ಅಲ್ವಾ, ಈಗ!" ಅಂದರು.

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಅವರ ಬಲಗಿವಿಗೆ ಬಾಯಿಟ್ಟು ಹೇಳಿದೆ.

"ಹೂಂ ರೀ. ಈಗ ತಾನೇ ಶುರುವಾಯ್ತು."